‘ದೂರುದಾರರು ಸ್ವತಂತ್ರರಾಗಿರುತ್ತಾರೆ’

ಹೋದ ಮಾರ್ಚ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪಿಡಿಎಫ್ ಬಂತು. ಅದರ ಕೆಳಗೆ ಯಾರೋ ಎರಡು ಸಾಲು ಹಾಕಿದ್ದರು: ‘ರೇರಾ ಆದೇಶ ಬಂತು. ಗೆದ್ವಿ, ಬಿಲ್ಡರ್ 60 ದಿನದಲ್ಲಿ ಬಡ್ಡಿ ಕಟ್ಟಬೇಕು.’ ಅದಕ್ಕೆ ಎಪ್ಪತ್ತು ಚಪ್ಪಾಳೆ, ಮೂವತ್ತು ಲಡ್ಡು. ಆ ಪಿಡಿಎಫ್ ನನ್ನದೇ ದೂರಿನ ಆದೇಶ. ಹದಿನಾಲ್ಕು ಪುಟ. ಚಪ್ಪಾಳೆ ತಟ್ಟಿದ ಎಪ್ಪತ್ತು ಜನರಲ್ಲಿ ಹದಿನಾಲ್ಕನೇ ಪುಟದ ಕೊನೇ ವಾಕ್ಯ ಓದಿದವರು ಎಷ್ಟು ಜನ ಅಂತ ನನಗೆ ಅವತ್ತೇ ಅನುಮಾನ ಇತ್ತು. ನಿಜ ಹೇಳಬೇಕೆಂದರೆ ನಾನೂ ಮೊದಲ ಸಲ ಓದಿದಾಗ ಅದನ್ನು ಹಾರಿಸಿಬಿಟ್ಟಿದ್ದೆ. ಮೊತ್ತ ಎಲ್ಲಿದೆ ಅಂತ ಹುಡುಕಿ, ಸಿಕ್ಕ ಮೇಲೆ ಹೆಂಡತಿಗೆ ಫೋನ್ ಮಾಡಿದೆ. ನಾವು ಸಾಫ್ಟ್‌ವೇರಿನವರು ಲಾಗ್ ಫೈಲನ್ನೂ ಹಾಗೇ ಓದೋದು.

ಆದ್ದರಿಂದ ಇವತ್ತು ಈ ಆದೇಶವನ್ನು ನಾನೇ ಸಂಕ್ಷಿಪ್ತಗೊಳಿಸುತ್ತೇನೆ. ಎರಡು ಸಾಲಿನಲ್ಲಿ ಆಗಲ್ಲ. ಆ ಎರಡು ಸಾಲೇ ನಮ್ಮನ್ನು ಹಾಳು ಮಾಡಿದ್ದು.

ವಿಷಯ ಇಷ್ಟು. 2019ರ ಡಿಸೆಂಬರ್‌ನಲ್ಲಿ ನಾನು ಬೆಂಗಳೂರಿನ ಹೊರವಲಯದಲ್ಲಿ 1,150 ಚದರಡಿಯ ಫ್ಲ್ಯಾಟಿಗೆ ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಿದೆ. ಬೆಲೆ 68 ಲಕ್ಷ. ಕೊಡಬೇಕಾದ ದಿನಾಂಕ 2021ರ ಡಿಸೆಂಬರ್ 31, ಅದರ ಮೇಲೆ ಆರು ತಿಂಗಳ ರಿಯಾಯಿತಿ ಅವಧಿ. ಅಂದರೆ ಎಲ್ಲ ಸೇರಿ 2022ರ ಜೂನ್ 30. ಅಷ್ಟರೊಳಗೆ ನಾನು ಕಟ್ಟಿದ್ದು 60 ಲಕ್ಷ, ಅದರಲ್ಲಿ 45 ಲಕ್ಷ ಬ್ಯಾಂಕಿನ ಸಾಲ. ಫ್ಲ್ಯಾಟು ಸಿಗಲಿಲ್ಲ. 2023ರ ಫೆಬ್ರವರಿಯಲ್ಲಿ ದೂರು ಕೊಟ್ಟೆ. ಕಾಯ್ದೆಯ 29ನೇ ಸೆಕ್ಷನ್ 60 ದಿನದಲ್ಲಿ ತೀರ್ಮಾನ ಮಾಡಬೇಕು ಅನ್ನುತ್ತೆ, ಆಗದಿದ್ದರೆ ಕಾರಣ ಬರೆಯಬೇಕು ಅನ್ನುತ್ತೆ. ನನಗೆ ಹದಿಮೂರು ತಿಂಗಳು ಹಿಡಿಯಿತು. ಇದರ ಬಗ್ಗೆ ಹೆಚ್ಚು ಗೊಣಗಲ್ಲ, ಸಿವಿಲ್ ಕೋರ್ಟಿಗೆ ಹೋಗಿದ್ದರೆ ನನ್ನ ಮಗಳು ಆದೇಶ ಓದುತ್ತಿದ್ದಳು.

ಆದೇಶದ ಮೊದಲ ಐದು ಪುಟ ಇಬ್ಬರೂ ಹೇಳಿದ್ದರ ವರದಿ. ಬಿಲ್ಡರ್ ಕಡೆಯ ವಾದ ಅಲ್ಲಿ ಅಚ್ಚಾಗಿದೆ, ಓದಲು ನಿಜಕ್ಕೂ ಚೆನ್ನಾಗಿದೆ. ಅವರ ಲೆಕ್ಕ ಹೀಗಿತ್ತು: ಕೊರೊನಾ ಸಮಯದಲ್ಲಿ, 2020ರ ಮೇನಲ್ಲಿ, ಕೇಂದ್ರ ಸರ್ಕಾರ ಪ್ರಾಜೆಕ್ಟುಗಳ ನೋಂದಣಿ ಅವಧಿಯನ್ನು ಆರು ತಿಂಗಳು ವಿಸ್ತರಿಸಲು ಹೇಳಿತು. ಆದ್ದರಿಂದ ಜೂನ್ 30ಕ್ಕೆ ಆರು ತಿಂಗಳು ಸೇರಿಸಿ, ಡಿಸೆಂಬರ್ 31 ಆಯಿತು. ಅವರು ನನಗೆ ಪೊಸೆಷನ್ ಪತ್ರ ಕಳಿಸಿದ್ದು 2022ರ ನವೆಂಬರ್ 30ಕ್ಕೆ. ಹಾಗಾಗಿ ಮನೆಯನ್ನು ಒಂದು ತಿಂಗಳು ಮುಂಚೆಯೇ ಕೊಟ್ಟಿದ್ದಾರೆ! ನಾನೇ ಬಂದು ತಗೊಂಡಿಲ್ಲ, ಬಾಕಿ 8 ಲಕ್ಷಕ್ಕೆ 18 ಪರ್ಸೆಂಟ್ ಬಡ್ಡಿ ಸಮೇತ ನಾನೇ ಕೊಡಬೇಕು. ಒಂದು ವೇಳೆ ಪ್ರಾಧಿಕಾರಕ್ಕೆ ವಿಳಂಬ ಆಗಿದೆ ಅನ್ನಿಸಿದರೂ, ಅಗ್ರಿಮೆಂಟಿನ ಪ್ರಕಾರ ಪರಿಹಾರ ತಿಂಗಳಿಗೆ ಚದರಡಿಗೆ 5 ರೂಪಾಯಿ ಮಾತ್ರ. ಅಂದರೆ ತಿಂಗಳಿಗೆ 5,750 ರೂಪಾಯಿ. ಜುಲೈಯಿಂದ ನವೆಂಬರ್‌ವರೆಗೆ ಐದು ತಿಂಗಳಿಗೆ 28,750.

ನಾನು ವಿಚಾರಣೆಯ ವೀಡಿಯೋ ಕಾಲಿನಲ್ಲಿ ಮ್ಯೂಟ್ ಮಾಡಿಕೊಂಡು ಕೂತಿದ್ದೆ. ಮ್ಯೂಟ್ ಇದ್ದದ್ದು ಒಳ್ಳೇದಾಯ್ತು.

ಇದಕ್ಕೆ ಪ್ರಾಧಿಕಾರ ಕೊಟ್ಟ ಉತ್ತರವೇ ಆದೇಶದ ಗಟ್ಟಿ ಭಾಗ. ಈ ಭಾಗ ಯಾರಿಗಾದರೂ ಉಪಯೋಗಕ್ಕೆ ಬರುತ್ತೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಮೊದಲನೆಯದು ದಿನಾಂಕ. ಪ್ರಾಜೆಕ್ಟು ರೇರಾದಲ್ಲಿ ನೋಂದಣಿ ಮಾಡಿಸುವಾಗ ಬಿಲ್ಡರ್ ಒಂದು ಮುಗಿಸುವ ದಿನಾಂಕ ಕೊಡುತ್ತಾನೆ. ನನ್ನ ಅಗ್ರಿಮೆಂಟಿನಲ್ಲಿ ಇನ್ನೊಂದು ದಿನಾಂಕ ಇರುತ್ತೆ. ಬಿಲ್ಡರುಗಳು ಈ ಎರಡನ್ನೂ ಬೇಕೆಂದೇ ಕಲಸುತ್ತಾರೆ. ನೋಂದಣಿಯ ದಿನಾಂಕವನ್ನು ಪ್ರಾಧಿಕಾರ ಮುಂದೂಡಿದರೆ ಅದು ಬಿಲ್ಡರ್‌ಗೂ ಪ್ರಾಧಿಕಾರಕ್ಕೂ ನಡುವಿನ ವ್ಯವಹಾರ. ನನ್ನ ಜೊತೆ ಮಾಡಿಕೊಂಡ ಕರಾರು ಅದರಿಂದ ತಾನಾಗಿ ಬದಲಾಗುವುದಿಲ್ಲ. 2017ರಲ್ಲಿ ಬಾಂಬೆ ಹೈಕೋರ್ಟು ನೀಲ್‌ಕಮಲ್ ಪ್ರಕರಣದಲ್ಲಿ, 2020ರಲ್ಲಿ ಸುಪ್ರೀಂ ಕೋರ್ಟು ಇಂಪೀರಿಯಾ ಪ್ರಕರಣದಲ್ಲಿ ಇದನ್ನು ಹೇಳಿವೆ, ವಿಳಂಬವನ್ನು ಎಣಿಸಬೇಕಾದ್ದು ಅಗ್ರಿಮೆಂಟಿನ ದಿನಾಂಕದಿಂದ. ಕೊರೊನಾದ ಆರು ತಿಂಗಳ ವಿಷಯದಲ್ಲಿ ಎಲ್ಲ ಕಡೆ ಒಂದೇ ಥರ ಆಗಿಲ್ಲ. ಹರಿಯಾಣದ ಹಲವು ಆದೇಶಗಳಲ್ಲಿ ಬಿಲ್ಡರ್‌ಗೆ ಆ ಆರು ತಿಂಗಳು ಸಿಕ್ಕಿದೆ. ನನ್ನದರಲ್ಲಿ, ಅಗ್ರಿಮೆಂಟಿನಲ್ಲೇ ಆರು ತಿಂಗಳ ರಿಯಾಯಿತಿ ಇದೆ, ಅದರ ಮೇಲೆ ಇನ್ನೊಂದು ಕೊಡಲ್ಲ ಅಂದರು. ಮರಳು ಸಿಗಲಿಲ್ಲ, ಕೂಲಿಯವರು ಊರಿಗೆ ಹೋದರು, ಬೇರೆ ಗ್ರಾಹಕರು ದುಡ್ಡು ಕಟ್ಟಲಿಲ್ಲ ಅನ್ನುವ ಪಟ್ಟಿಯನ್ನೂ ಬಿಲ್ಡರ್ ಕೊಟ್ಟಿದ್ದ. ಕಾಯ್ದೆಯ 6ನೇ ಸೆಕ್ಷನ್ನಿನಲ್ಲಿ ತಪ್ಪಿಸಲಾಗದ ಕಾರಣಗಳು ಯಾವುವು ಅಂತ ಬರೆದಿದೆ: ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಇಲ್ಲವೇ ಪ್ರಕೃತಿಯಿಂದಾದ ಬೇರೆ ವಿಪತ್ತು. ಮರಳು ಅದರಲ್ಲಿಲ್ಲ.

ಎರಡನೆಯದು ಆ ನವೆಂಬರ್ ಪತ್ರ. ಅದರಲ್ಲಿ ‘ಫಿಟ್‌ಔಟ್ ಪೊಸೆಷನ್’ ಅಂತ ಇತ್ತು. ಒಳಗೆ ವಾರ್ಡ್‌ರೋಬ್ ಮಾಡಿಸಿಕೊಳ್ಳಿ, ಬಾಕಿ ಕಟ್ಟಿ, ಬೀಗದ ಕೈ ತಗೊಳ್ಳಿ ಅಂತ ಅದರರ್ಥ. ಅವತ್ತಿಗೆ ಕಟ್ಟಡಕ್ಕೆ ಒಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಬಂದಿರಲಿಲ್ಲ. ನಮ್ಮ ಗ್ರೂಪಿನಲ್ಲಿ ಸುಮಾರು ಜನ ಬೀಗದ ಕೈ ತಗೊಂಡರು, ಬಾಡಿಗೆ ಉಳಿಯುತ್ತಲ್ಲ ಅಂತ. ಬೈಯಲ್ಲ, ಅವರ ಕಷ್ಟ ಅವರಿಗೆ. ಆದರೆ ಪ್ರಾಧಿಕಾರ ಸ್ಪಷ್ಟವಾಗಿ ಬರೆದಿದೆ: ಒಸಿ ಪಡೆಯುವುದು ಬಿಲ್ಡರ್‌ನ ಹೊಣೆ, ಒಸಿ ಇಲ್ಲದ ಪೊಸೆಷನ್ ಪತ್ರ ಕಾನೂನಿನ ಕಣ್ಣಿಗೆ ಪೊಸೆಷನ್ ಅಲ್ಲ. ನಾನು ಹೋಗಿ ತಗೊಳ್ಳಬೇಕಾದ ಎರಡು ತಿಂಗಳ ಗಡುವು ಶುರುವಾಗುವುದೂ ಒಸಿ ಬಂದ ಮೇಲೆಯೇ. ಹಾಗಾಗಿ ವಿಳಂಬದ ಗಡಿಯಾರ ನವೆಂಬರ್‌ನಲ್ಲಿ ನಿಲ್ಲಲಿಲ್ಲ. ನಿಮಗೂ ಇಂಥ ಪತ್ರ ಬಂದರೆ ‘ಒಸಿ ಪ್ರತಿ ಕಳಿಸಿ’ ಅಂತ ಒಂದು ಮೇಲ್ ಹಾಕಿ ಸುಮ್ಮನಿರಿ. ಪ್ರತಿ ಬಂದರೆ ಅದರಲ್ಲಿ ಯಾವ ಬ್ಲಾಕು, ಯಾವ ಮಹಡಿಗಳು ಅಂತ ಬರೆದಿರುತ್ತೆ, ನಿಮ್ಮ ಮಹಡಿ ಇದೆಯಾ ನೋಡಿ. ಭಾಗಶಃ ಒಸಿ ತಂದು ಪೂರ್ತಿ ಕಟ್ಟಡದ್ದು ಅಂತ ತೋರಿಸುವ ಅಭ್ಯಾಸ ಹೊಸದೇನಲ್ಲ.

ಮೂರನೆಯದು ಆ 5 ರೂಪಾಯಿ. ನಾನು ತಡ ಮಾಡಿದರೆ 18 ಪರ್ಸೆಂಟ್, ಅವನು ತಡ ಮಾಡಿದರೆ ಚದರಡಿಗೆ 5 ರೂಪಾಯಿ. ನಾನು ಕಟ್ಟಿದ 60 ಲಕ್ಷಕ್ಕೆ ಆ 5,750 ರೂಪಾಯಿ ವರ್ಷಕ್ಕೆ ಒಂದೂಕಾಲು ಪರ್ಸೆಂಟೂ ಆಗಲ್ಲ. ನಮ್ಮೂರಿನಲ್ಲಿ ಗಿರವಿ ಅಂಗಡಿಯವನೂ ಇಷ್ಟು ನಾಚಿಕೆ ಬಿಟ್ಟು ಬರೆದುಕೊಳ್ಳುವುದಿಲ್ಲ. ರೇರಾ ಕಾಯ್ದೆಯ ವ್ಯಾಖ್ಯೆಗಳ ಭಾಗದಲ್ಲಿ ‘ಬಡ್ಡಿ’ ಅನ್ನುವ ಪದಕ್ಕೆ ಒಂದು ಒಳ್ಳೆ ಅರ್ಥ ಕೊಟ್ಟಿದ್ದಾರೆ: ಗ್ರಾಹಕ ತಪ್ಪಿದಾಗ ಬಿಲ್ಡರ್ ಯಾವ ದರ ಹಾಕುತ್ತಾನೋ, ಬಿಲ್ಡರ್ ತಪ್ಪಿದಾಗ ಅದೇ ದರ. ದರ ಎಷ್ಟು ಅನ್ನುವುದನ್ನು ಕರ್ನಾಟಕದ 2017ರ ನಿಯಮಗಳು ಹೇಳುತ್ತವೆ: ಎಸ್‌ಬಿಐನ ಅತಿ ಹೆಚ್ಚಿನ ಎಂಸಿಎಲ್‌ಆರ್ ದರ, ಅದರ ಮೇಲೆ ಎರಡು ಪರ್ಸೆಂಟ್. ನನ್ನ ಅವಧಿಯಲ್ಲಿ ಅದು ಹತ್ತರ ಆಸುಪಾಸಿನಲ್ಲಿ ಓಡಾಡಿತು. ಪ್ರಾಧಿಕಾರ ಅಗ್ರಿಮೆಂಟಿನ 5 ರೂಪಾಯಿಯನ್ನೂ 18 ಪರ್ಸೆಂಟನ್ನೂ ಪಕ್ಕಕ್ಕಿಟ್ಟು ಈ ದರ ಹಾಕಿತು. ಸುಲಭವಾಗಲಿ ಅಂತ ಇಲ್ಲಿ 10 ಪರ್ಸೆಂಟ್ ಅಂತಲೇ ಹಿಡಿಯೋಣ. 60 ಲಕ್ಷಕ್ಕೆ ವರ್ಷಕ್ಕೆ 6 ಲಕ್ಷ, ತಿಂಗಳಿಗೆ 50,000. 2022ರ ಜುಲೈ 1ರಿಂದ 2024ರ ಫೆಬ್ರವರಿ ಕೊನೆವರೆಗೆ 20 ತಿಂಗಳು, 10 ಲಕ್ಷ. ಆಮೇಲೂ ಒಸಿ ಸಮೇತ ಮನೆ ಕೊಡುವ ತನಕ ತಿಂಗಳಿಗೆ ಅಷ್ಟೇ.

ಇಲ್ಲಿ ನನ್ನ ಮರ್ಯಾದೆಯನ್ನೂ ಸ್ವಲ್ಪ ಕಳೆದುಕೊಳ್ಳುತ್ತೇನೆ. ಇಬ್ಬರೂ ಲೆಕ್ಕದ ಮೆಮೋ ಸಲ್ಲಿಸಿ ಅಂದಿದ್ದರು. ನಾನು ಎಕ್ಸೆಲ್‌ನಲ್ಲಿ ಬಣ್ಣಬಣ್ಣದ ಶೀಟು ಮಾಡಿ ಇಪ್ಪತ್ತೈದು ಲಕ್ಷಕ್ಕೂ ಮೇಲೆ ಕೇಳಿದ್ದೆ. ಬಡ್ಡಿಯನ್ನು ನಾನು ಪ್ರತಿ ಕಂತು ಕಟ್ಟಿದ ದಿನದಿಂದ ಎಣಿಸಿದ್ದೆ, ಸ್ಟ್ಯಾಂಪ್ ಡ್ಯೂಟಿ ಸೇರಿಸಿದ್ದೆ, ಕೊಟ್ಟ ಬಾಡಿಗೆಯನ್ನೂ ಸೇರಿಸಿದ್ದೆ. ಕಾಯ್ದೆಯ 18ನೇ ಸೆಕ್ಷನ್ ಎರಡು ದಾರಿ ಕೊಡುತ್ತೆ. ಮನೆ ಬೇಡ ಅಂದರೆ ಕಟ್ಟಿದ ದುಡ್ಡು, ಕಟ್ಟಿದ ದಿನದಿಂದ ಬಡ್ಡಿ ಸಮೇತ ವಾಪಸ್. ಮನೆ ಬೇಕು ಅಂದರೆ ತಡವಾದ ಪ್ರತಿ ತಿಂಗಳಿಗೆ ಬಡ್ಡಿ. ನಾನು ಎರಡನೇ ದಾರಿ ಹಿಡಿದು ಮೊದಲನೇ ದಾರಿಯ ಲೆಕ್ಕ ಹಾಕಿದ್ದೆ. ಬಾಡಿಗೆ, ಮಾನಸಿಕ ಹಿಂಸೆ ಇತ್ಯಾದಿ ಪರಿಹಾರ ಪ್ರಾಧಿಕಾರದ ಕೆಲಸವಲ್ಲ, ಅದಕ್ಕೆ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಬೇರೆ ಅರ್ಜಿ ಹಾಕಬೇಕು. ಹಾಗಂತ ಸುಪ್ರೀಂ ಕೋರ್ಟು 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಕರಣದಲ್ಲಿ ತೀರ್ಮಾನಿಸಿದೆ. ನನ್ನ ಶೀಟಿನ ಬಣ್ಣ ಒಂದೇ ಪ್ಯಾರಾದಲ್ಲಿ ಇಳಿಯಿತು.

ಇಲ್ಲಿಗೆ ಹದಿಮೂರು ಪುಟ ಮುಗಿಯಿತು. ಇಷ್ಟನ್ನು ಓದಿ ‘ಗೆದ್ವಿ’ ಅನ್ನುವುದರಲ್ಲಿ ತಪ್ಪಿಲ್ಲ. ತರ್ಕ ಚೆನ್ನಾಗಿದೆ, ಕಾನೂನು ಚೆನ್ನಾಗಿದೆ. ಈಗ ಹದಿನಾಲ್ಕನೇ ಪುಟ.

‘ಪ್ರತಿವಾದಿಯು ಆದೇಶದ ದಿನಾಂಕದಿಂದ 60 ದಿನಗಳೊಳಗೆ ಮೇಲ್ಕಂಡ ಮೊತ್ತವನ್ನು ಪಾವತಿಸತಕ್ಕದ್ದು. ತಪ್ಪಿದಲ್ಲಿ ಕಾನೂನಿನ ಪ್ರಕಾರ ವಸೂಲಾತಿಗೆ ಕ್ರಮ ಕೈಗೊಳ್ಳಲು ದೂರುದಾರರು ಸ್ವತಂತ್ರರಾಗಿರುತ್ತಾರೆ.’

ಆದೇಶ ಇಂಗ್ಲಿಷಿನಲ್ಲಿತ್ತು, ಕನ್ನಡ ನನ್ನದು. ಆದರೆ ಸ್ವಾತಂತ್ರ್ಯ ಅನ್ನುವ ಪದ ಅಲ್ಲಿಯದೇ. ಇಷ್ಟು ಚೆಂದದ ಪದವನ್ನು ಇಷ್ಟು ಕೆಟ್ಟ ಕೆಲಸಕ್ಕೆ ಬಳಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನನ್ನ ವಾದ ಇರುವುದು ಈ ಒಂದು ವಾಕ್ಯದ ಮೇಲೆ. ಬರೆದ ಅಧಿಕಾರಿಗಳ ಮೇಲಲ್ಲ, ಅವರು ಕಾಯ್ದೆ ಕೊಟ್ಟಷ್ಟನ್ನು ಬರೆದಿದ್ದಾರೆ. ಕಾಯ್ದೆ ಮಾಡಿದವರ ಮೇಲೆ, ಮತ್ತು ಈ ವಾಕ್ಯಕ್ಕೆ ಲಡ್ಡು ಹಾಕಿದ ನಮ್ಮ ಮೇಲೆ.

60 ದಿನ ಕಳೆಯಿತು. ಬಿಲ್ಡರ್ ದುಡ್ಡು ಕಟ್ಟಲಿಲ್ಲ. ಮೇಲ್ಮನವಿಯನ್ನೂ ಹಾಕಲಿಲ್ಲ. ಗ್ರೂಪಿನಲ್ಲಿ ಒಬ್ಬರು ‘ಅಪೀಲ್ ಹಾಕಿಲ್ಲ ಅಂದ್ರೆ ಒಪ್ಪಿಕೊಂಡ ಹಾಗೆ, ಬೇಗ ಬರುತ್ತೆ’ ಅಂದರು. ನಾನೂ ನಂಬಿದ್ದೆ. ಆಮೇಲೆ ವಕೀಲರು ಹೇಳಿದರು, ‘ಅಯ್ಯೋ, ಅವರು ಅಪೀಲ್ ಹಾಕ್ಲಿ ಅಂತ ಪ್ರಾರ್ಥನೆ ಮಾಡ್ಬೇಕಿತ್ತು ನೀವು.’

ಯಾಕೆ ಗೊತ್ತಾ? 43ನೇ ಸೆಕ್ಷನ್ನಿನ ಐದನೇ ಉಪಸೆಕ್ಷನ್ ಈ ಇಡೀ ಕಾಯ್ದೆಯಲ್ಲಿ ಗ್ರಾಹಕನಿಗಿರುವ ಅತಿ ದೊಡ್ಡ ಬಲ. ಬಿಲ್ಡರ್ ಮೇಲ್ಮನವಿ ಹಾಕಬೇಕಾದರೆ ಗ್ರಾಹಕನಿಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಮೊದಲು ನ್ಯಾಯಮಂಡಳಿಯಲ್ಲಿ ಠೇವಣಿ ಇಡಬೇಕು, ಆಮೇಲಷ್ಟೇ ಅವನ ಅಪೀಲು ಕೇಳುತ್ತಾರೆ. ಇದು ಅನ್ಯಾಯ ಅಂತ ಬಿಲ್ಡರುಗಳು ಸುಪ್ರೀಂ ಕೋರ್ಟಿನವರೆಗೂ ಹೋದರು, ಅದೇ ನ್ಯೂಟೆಕ್ ತೀರ್ಪಿನಲ್ಲಿ ಕೋರ್ಟು ಇದನ್ನು ಎತ್ತಿಹಿಡಿಯಿತು. ಅಂದರೆ ಅವನು ಜಗಳಕ್ಕೆ ಬಂದರೆ ನನ್ನ 10 ಲಕ್ಷ ಬಂದು ನ್ಯಾಯಮಂಡಳಿಯ ಖಾತೆಯಲ್ಲಿ ಕೂರುತ್ತೆ. ಬರದೇ ಸುಮ್ಮನೆ ಕೂತರೆ? ಒಂದು ರೂಪಾಯಿಯೂ ಕದಲಲ್ಲ. ಜಗಳ ಆಡುವವನಿಗೆ ಖರ್ಚು, ಸುಮ್ಮನಿರುವವನಿಗೆ ಲಾಭ. ಬಿಲ್ಡರ್‌ಗೆ ಇದು ಚೆನ್ನಾಗಿ ಗೊತ್ತು. ನಮಗೆ ಗೊತ್ತಿರಲಿಲ್ಲ.

ಈಗ ಇದನ್ನೇ ಅವನ ಲೆಕ್ಕದ ಪುಸ್ತಕದಲ್ಲಿ ಕೂತು ನೋಡಿ. ಅವನಿಗೆ ಪ್ರಾಜೆಕ್ಟು ಮುಗಿಸಲು ದುಡ್ಡು ಬೇಕು. ಖಾಸಗಿ ಫೈನಾನ್ಸಿನಲ್ಲಿ ತಂದರೆ ನಾನು ಹೇಳಿದ ಹತ್ತು ಪರ್ಸೆಂಟಿಗಿಂತ ಜಾಸ್ತಿ ಬಡ್ಡಿ, ಅದೂ ತಿಂಗಳು ತಿಂಗಳು ಕಟ್ಟಬೇಕು, ಆಸ್ತಿ ಅಡ ಇಡಬೇಕು, ತಪ್ಪಿದರೆ ಮನೆಗೆ ಜನ ಬರುತ್ತಾರೆ. ನನ್ನ 60 ಲಕ್ಷಕ್ಕೆ? ಸರಳ ಬಡ್ಡಿ, ಅಡಮಾನ ಇಲ್ಲ, ಕಂತಿಲ್ಲ, ಯಾವಾಗಲಾದರೂ ಕೊಟ್ಟರಾಯಿತು. ಚಕ್ರಬಡ್ಡಿ ಇಲ್ಲ, ಆದ್ದರಿಂದ ತಡ ಮಾಡಿದಷ್ಟೂ ಅವನಿಗೆ ಅಗ್ಗ. ಅವನ ಜಾಗದಲ್ಲಿ ನಾನಿದ್ದರೂ ಸಾಲಗಾರರ ಸಾಲಿನಲ್ಲಿ ನನ್ನನ್ನು ಕೊನೆಗೆ ನಿಲ್ಲಿಸುತ್ತಿದ್ದೆ. ಇತ್ತ ನನ್ನ ಪುಸ್ತಕದಲ್ಲಿ 45 ಲಕ್ಷಕ್ಕೆ ಬ್ಯಾಂಕಿನ ಬಡ್ಡಿ 9 ಪರ್ಸೆಂಟ್ ಅಂದರೂ ತಿಂಗಳಿಗೆ 33,750, ಬಾಡಿಗೆ 24,000. ಒಟ್ಟು 57,750 ಪ್ರತಿ ತಿಂಗಳು ಖಾತೆಯಿಂದ ನಿಜವಾಗಿ ಹೋಗುತ್ತೆ. ಬರಬೇಕಾದ 50,000 ಪಿಡಿಎಫ್‌ನಲ್ಲಿ ಬೆಳೆಯುತ್ತೆ. ಬ್ಯಾಂಕಿನವರಿಗೆ ‘ವಸೂಲಿಗೆ ನೀವು ಸ್ವತಂತ್ರರು’ ಅಂತ ಒಂದು ಪತ್ರ ಬರೆಯೋಣ ಅಂತ ಆಸೆ.

ಸರಿ, ಸ್ವತಂತ್ರನಾಗಿ ವಸೂಲಾತಿಗೆ ಅರ್ಜಿ ಹಾಕಿದೆ, 2024ರ ಜೂನ್‌ನಲ್ಲಿ. 40ನೇ ಸೆಕ್ಷನ್ ಪ್ರಕಾರ ಈ ಮೊತ್ತವನ್ನು ಭೂಕಂದಾಯದ ಬಾಕಿ ಅಂತ ವಸೂಲಿ ಮಾಡಬೇಕು. ಪ್ರಾಧಿಕಾರ ತಾನೇ ಮಾಡುವುದಿಲ್ಲ. ಅದು ಒಂದು ವಸೂಲಾತಿ ಪ್ರಮಾಣಪತ್ರ ಬರೆದು ಜಿಲ್ಲಾಧಿಕಾರಿಗೆ ಕಳಿಸುತ್ತೆ, ಅವರು ತಹಶೀಲ್ದಾರರಿಗೆ ಕಳಿಸುತ್ತಾರೆ, ತಹಶೀಲ್ದಾರರು ನೋಟಿಸು ಕೊಟ್ಟು, ಕಟ್ಟದಿದ್ದರೆ ಆಸ್ತಿ ಜಪ್ತಿ ಮಾಡಿ ಹರಾಜು ಹಾಕಬೇಕು. ನನ್ನ ಪ್ರಮಾಣಪತ್ರ ಸೆಪ್ಟೆಂಬರ್‌ನಲ್ಲಿ ಹೊರಟಿತು.

ಭೂಕಂದಾಯದ ಬಾಕಿ ಅನ್ನುವ ಮಾತು ಓದಿದಾಗ ನನಗೆ ಧೈರ್ಯ ಬಂದಿತ್ತು, ಅದು ಹೇಳಬೇಕು. ನಾನು ಭದ್ರಾ ನಾಲೆಯ ಊರಿನವನು. ನಾಲೆ ನೀರಿನ ಕಂದಾಯವನ್ನೂ ಬಾಕಿ ಬಿದ್ದರೆ ಹೀಗೇ ವಸೂಲಿ ಮಾಡುವುದು. ಚಿಕ್ಕವನಿದ್ದಾಗ ಜೀಪು ಊರ ಬಾಗಿಲಿಗೆ ಬಂದರೆ ಅಪ್ಪ ಹಿತ್ತಲಿನ ಕಡೆಯಿಂದ ಗದ್ದೆಗೆ ಹೋಗಿಬಿಡುತ್ತಿದ್ದರು. ಒಂದು ವರ್ಷ ಎದುರುಮನೆಯವರ ಪಂಪ್‌ಸೆಟ್ಟಿಗೆ ಜಪ್ತಿ ಚೀಟಿ ಅಂಟಿಸಿದ್ದು, ಆ ಮನೆಯ ಅಜ್ಜಿ ಕಿವಿಯೋಲೆ ಅಡ ಇಟ್ಟು ಸಂಜೆಯೊಳಗೆ ಕಟ್ಟಿದ್ದು ನನಗೆ ನೆನಪಿದೆ. ಬಾಕಿ ಸಾವಿರದ ಲೆಕ್ಕದಲ್ಲಿತ್ತು, ಲಕ್ಷದ ಲೆಕ್ಕದಲ್ಲಲ್ಲ. ಆ ಇಲಾಖೆ, ಆ ಕಾನೂನು ನನ್ನ ಪರ ಬರುತ್ತೆ ಅಂದರೆ ಬಿಲ್ಡರ್ ಎಲ್ಲಿಗೆ ಓಡುತ್ತಾನೆ ಅಂದುಕೊಂಡೆ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ತಹಶೀಲ್ದಾರ್ರೇ ವಸೂಲಿ ಮಾಡ್ತಾರಪ್ಪ ಈಗ.’

‘ಅವ್ನು ಹೊಲ ಎಲ್ಲೈತಂತೆ?’ ಅಂದರು.

ನನಗೆ ತಟ್ಟನೆ ಅರ್ಥವಾಗಲಿಲ್ಲ. ‘ಬಿಲ್ಡರ್‌ಗೆ ಎಂಥ ಹೊಲ ಅಪ್ಪಾ?’

‘ಮತ್ತೆ ಏನು ಜಪ್ತಿ ಮಾಡ್ತಾರೋ? ನಮ್ಮದಾದ್ರೆ ಪಹಣಿಯಾಗೆ ಹೆಸರಿರುತ್ತೆ, ಎತ್ತು ಕೊಟ್ಟಿಗೆಯಾಗಿರುತ್ತೆ.’

ಅಪ್ಪ ಎಸ್ಸೆಸೆಲ್ಸಿ ಫೇಲು. ನಾನು ಬಿಇ. ಮೂರು ತಿಂಗಳಾದ ಮೇಲೆ ತಾಲ್ಲೂಕು ಕಚೇರಿಯೊಂದರಲ್ಲಿ ಕೇಸ್ ವರ್ಕರ್ ನನಗೆ ಕೇಳಿದ ಪ್ರಶ್ನೆಯೂ ಅದೇ. ‘ಕಂಪನಿ ಹೆಸರಲ್ಲಿ ಏನು ಆಸ್ತಿ ಇದೆ ಸರ್? ನೀವು ಲಿಸ್ಟ್ ಕೊಟ್ರೆ ಮೂವ್ ಮಾಡ್ಬಹುದು.’ ಆ ಮನುಷ್ಯ ಕೆಟ್ಟವನಲ್ಲ. ಅವನ ಮೇಜಿನ ಮೇಲೆ ಪಹಣಿ ತಿದ್ದುಪಡಿ, ಜಾತಿ ಪ್ರಮಾಣಪತ್ರ, ಪೋಡಿ, ಚುನಾವಣಾ ಪಟ್ಟಿ ಎಲ್ಲವೂ ಇದ್ದವು. ರೇರಾ ಕಡತ ಆ ರಾಶಿಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಯಾರಿಗೂ ಅದರ ಹೆಸರು ಸರಿಯಾಗಿ ಗೊತ್ತಿಲ್ಲ.

ಈ ವಸೂಲಾತಿ ವಿಧಾನ ನೆಲ ಬಿಟ್ಟು ಓಡಲಾಗದವನಿಗಾಗಿ ಮಾಡಿದ್ದು. ರೈತನ ಆಸ್ತಿ ಅವನ ಹೆಸರಿನಲ್ಲೇ, ಅದೇ ಸರ್ವೆ ನಂಬರಿನಲ್ಲೇ ಇರುತ್ತೆ. ಬಿಲ್ಡರ್‌ನದು ಹಾಗಲ್ಲ. ಪ್ರತಿ ಪ್ರಾಜೆಕ್ಟಿಗೂ ಒಂದೊಂದು ಕಂಪನಿ ಮಾಡುವುದು ಸಾಮಾನ್ಯ. ನೆಲ ಬಹಳ ಸಲ ಜಂಟಿ ಅಭಿವೃದ್ಧಿ ಕರಾರಿನಲ್ಲಿ ಭೂಮಾಲೀಕರ ಹೆಸರಿನಲ್ಲೇ ಇರುತ್ತೆ. ನೋಂದಾಯಿತ ಕಚೇರಿ ಬಾಡಿಗೆ ಜಾಗ. ಕಾರು ಲೀಸಿನದು. ಕಂಪನಿ ಹೆಸರಿನಲ್ಲಿ ನಿಜವಾಗಿ ಉಳಿದಿರುವುದು ಅದೇ ಪ್ರಾಜೆಕ್ಟಿನ ಮಾರಾಟವಾಗದ ಫ್ಲ್ಯಾಟುಗಳು, ಅವೂ ದಿನದಿಂದ ದಿನಕ್ಕೆ ಕರಗುತ್ತಿರುತ್ತವೆ. ನನ್ನ ದೂರಿನ ಹದಿಮೂರು ತಿಂಗಳು, ವಸೂಲಾತಿಯ ತಿಂಗಳುಗಳು, ಎಲ್ಲವೂ ಅವನಿಗೆ ಮಾರಿಕೊಳ್ಳಲು ಕೊಟ್ಟ ಸಮಯ. ಗೆದ್ದವನು ಪತ್ತೇದಾರಿಕೆ ಮಾಡಬೇಕು, ಸೋತವನು ವ್ಯಾಪಾರ ಮಾಡಬಹುದು.

ಇದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ, ಇರುವುದರಲ್ಲೇ ಸಾಮಾನು ಇದೆ ಅನ್ನುವುದು ನನ್ನ ಸಿಟ್ಟಿಗೆ ಮುಖ್ಯ ಕಾರಣ. 11ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಎಷ್ಟು ಫ್ಲ್ಯಾಟು ಬುಕ್ ಆಗಿದೆ ಅಂತ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಾಕಬೇಕು. ಅಂದರೆ ಯಾವುದು ಉಳಿದಿದೆ ಅನ್ನುವ ಮಾಹಿತಿ ಆದೇಶ ಬರೆಯುವವರ ಕಂಪ್ಯೂಟರಿನಲ್ಲೇ ಇದೆ. 36ನೇ ಸೆಕ್ಷನ್ ಪ್ರಕಾರ ವಿಚಾರಣೆ ನಡೆಯುವಾಗಲೇ ತಡೆಯಾಜ್ಞೆ ಕೊಡಬಹುದು; ವಿಳಂಬ ಮೇಲ್ನೋಟಕ್ಕೇ ಸಾಬೀತಾಗಿರುವ ಕಡೆ ‘ಈ ಎರಡು ಫ್ಲ್ಯಾಟನ್ನು ಮಾರಬೇಡ’ ಅಂತ ಒಂದು ಸಾಲು ಬರೆದು ಸಬ್‌ರಿಜಿಸ್ಟ್ರಾರ್‌ಗೆ ಕಳಿಸಲು ಎಷ್ಟು ಹೊತ್ತು ಬೇಕು? 63ನೇ ಸೆಕ್ಷನ್ ಪ್ರಕಾರ ಪ್ರಾಧಿಕಾರದ ಆದೇಶ ಪಾಲಿಸದ ಬಿಲ್ಡರ್‌ಗೆ ದಿನದ ಲೆಕ್ಕದಲ್ಲಿ ದಂಡ ಹಾಕಬಹುದು, ಒಟ್ಟು ಪ್ರಾಜೆಕ್ಟು ವೆಚ್ಚದ ಐದು ಪರ್ಸೆಂಟಿನವರೆಗೂ. ನನ್ನ ಹದಿನಾಲ್ಕು ಪುಟದಲ್ಲಿ 18 ಇದೆ, 31 ಇದೆ, 71 ಇದೆ. 63 ಇಲ್ಲ. ‘60 ದಿನದಲ್ಲಿ ಕಟ್ಟದಿದ್ದರೆ 61ನೇ ದಿನದಿಂದ ದಿನಕ್ಕಿಷ್ಟು’ ಅಂತ ಒಂದು ವಾಕ್ಯ ಇದ್ದಿದ್ದರೆ ನಾನು ಮೇಲೆ ಹೇಳಿದ ಅಗ್ಗದ ಸಾಲದ ಲೆಕ್ಕ ಅಲ್ಲೇ ತಲೆಕೆಳಗಾಗುತ್ತಿತ್ತು.

‘ಪ್ರಾಧಿಕಾರಕ್ಕೆ ಸಿಬ್ಬಂದಿ ಇಲ್ಲ’ ಅಂತ ಹೇಳುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಪ್ರಾಧಿಕಾರ ಇದೇ ವಸೂಲಾತಿಯ ಬೆನ್ನು ಹತ್ತಲು ಕಂದಾಯ ಇಲಾಖೆಯ ನಿವೃತ್ತ ಅಧಿಕಾರಿಗಳನ್ನು ಇಟ್ಟುಕೊಂಡಿತು. ಜಪ್ತಿ ಮಾಡಿ ಅಭ್ಯಾಸ ಇರುವವರು, ಕಡತ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿರುವವರು. ಇನ್ನು ಕೆಲವರು ‘ಕನ್ಸ್ಯೂಮರ್ ಕೋರ್ಟಿಗೆ ಹೋಗಬೇಕಿತ್ತು’ ಅನ್ನುತ್ತಾರೆ. ಹೋಗಬಹುದು, ಎರಡೂ ದಾರಿ ತೆರೆದಿವೆ ಅಂತ ಇಂಪೀರಿಯಾ ತೀರ್ಪೇ ಹೇಳಿದೆ. ಅಲ್ಲಿ ಆದೇಶ ಪಾಲಿಸದಿದ್ದರೆ ಜೈಲಿನ ಭಯ ಇದೆ ಅನ್ನುವುದೂ ನಿಜ. ಆದರೆ ಮನೆಗಳ ಜಗಳಕ್ಕೆಂದೇ ಒಂದು ಕಾಯ್ದೆ ಮಾಡಿ, ಅದರ ಆದೇಶಕ್ಕಿಂತ ಮಿಕ್ಸಿ ರಿಪೇರಿ ಜಗಳ ಕೇಳುವ ಕೋರ್ಟಿನ ಆದೇಶಕ್ಕೆ ಜನ ಹೆಚ್ಚು ಹೆದರುತ್ತಾರೆ ಅಂದರೆ, ಅದು ಆ ಕಾಯ್ದೆಗೆ ಹೊಗಳಿಕೆಯೇನಲ್ಲ.

ನೀವು ಇನ್ನೂ ದೂರು ಕೊಡುವ ಹಂತದಲ್ಲಿದ್ದರೆ ನಾನು ತಡವಾಗಿ ಕಲಿತ ಒಂದು ಕೆಲಸ ಮಾಡಿ. ದೂರಿನ ಜೊತೆಗೇ ಮಧ್ಯಂತರ ಅರ್ಜಿ ಹಾಕಿ, ಉಳಿದಿರುವ ಫ್ಲ್ಯಾಟುಗಳ ನಂಬರು ಬರೆದು ಮಾರಾಟ ತಡೆಯಲು ಕೇಳಿ, ಪಾಲಿಸದಿದ್ದರೆ 63ರ ದಂಡ ಹಾಕಿ ಅಂತ ಪ್ರಾರ್ಥನೆಯ ಪಟ್ಟಿಯಲ್ಲೇ ಸೇರಿಸಿ. ಕೊಡುತ್ತಾರೋ ಬಿಡುತ್ತಾರೋ ಗೊತ್ತಿಲ್ಲ. ಕೇಳದೇ ಇದ್ದದ್ದನ್ನಂತೂ ಯಾರೂ ಕೊಡುವುದಿಲ್ಲ. ನಾನು ಕೇಳಿರಲಿಲ್ಲ, ಬಣ್ಣದ ಎಕ್ಸೆಲ್ ಮಾಡುತ್ತಾ ಕೂತಿದ್ದೆ.

ಕೇಸ್ ವರ್ಕರ್ ಕೇಳಿದ ಲಿಸ್ಟು ನಾನೇ ಮಾಡಿದೆ. ಎರಡು ಶನಿವಾರ ಹಿಡಿಯಿತು. ವೆಬ್‌ಸೈಟಿನ ತ್ರೈಮಾಸಿಕ ವರದಿಯಲ್ಲಿ ಮೂರು ಫ್ಲ್ಯಾಟು ಬಾಕಿ ಅಂತ ಇತ್ತು, ಒಂದು ನಮ್ಮ ಬ್ಲಾಕಿನದೇ, ನಾಲ್ಕನೇ ಮಹಡಿ. ಕಂಪನಿ ವ್ಯವಹಾರಗಳ ಸಚಿವಾಲಯದ ಸೈಟಿನಲ್ಲಿ ಕಂಪನಿಯ ಮೇಲೆ ಯಾವ ಬ್ಯಾಂಕಿನ ಅಡಮಾನ ಇದೆ ಅಂತ ನೋಡಿದೆ. ಆಮೇಲೆ ಕಾವೇರಿ ಪೋರ್ಟಲ್‌ನಲ್ಲಿ ಮೂರಕ್ಕೂ ಇಸಿ ತೆಗೆಸಿದೆ. ಎರಡು ಖಾಲಿ ಇದ್ದವು. ನಾಲ್ಕನೇ ಮಹಡಿಯದು ಹಿಂದಿನ ತಿಂಗಳಷ್ಟೇ ಕ್ರಯವಾಗಿತ್ತು, ನನ್ನ ವಸೂಲಾತಿ ಪತ್ರ ಹೊರಟು ಮೂರು ತಿಂಗಳಾದ ಮೇಲೆ. ಕೊಂಡವರು ಈಗ ಗ್ರೂಪಿನಲ್ಲಿದ್ದಾರೆ. ಸೇರಿದ ದಿನವೇ ಕೇಳಿದರು, ಒಸಿ ಯಾವಾಗ ಬರುತ್ತೆ ಅಂತ.

ಲಿಸ್ಟಿನಲ್ಲಿ ಆ ನಂಬರು ಹೊಡೆದು ಹಾಕಿ, ಉಳಿದ ಎರಡನ್ನು ಮತ್ತೆ ಪ್ರಿಂಟ್ ತೆಗೆದು ಸೋಮವಾರ ಕಚೇರಿಗೆ ಕೊಟ್ಟು ಬಂದೆ. ಸ್ವೀಕೃತಿಗೆ ಸೀಲು ಹಾಕಿಸಿಕೊಂಡಿದ್ದೇನೆ.